‘ಒಟ್ಟು ಸುಮಾರು 40,300’: ಒಂದು ಮೆಸೇಜು ಬಿಲ್ ಆದ ಬಗೆ

ನನ್ನ ಗೆಳತಿಯೊಬ್ಬಳು ಮೈಸೂರಿನಲ್ಲಿ ಮನೆಯಿಂದಲೇ ಅನುವಾದ ಮತ್ತು ಪೇಜ್ ಸೆಟ್ಟಿಂಗ್ ಕೆಲಸ ಮಾಡುತ್ತಾಳೆ. ನಾನು ಸಣ್ಣಪುಟ್ಟ ವ್ಯಾಪಾರಿಗಳ ಲೆಕ್ಕ ಬರೆಯುವವಳು. ಕಳೆದ ನವೆಂಬರಿನಲ್ಲಿ ಅವಳು ಬೆಂಗಳೂರಿನ ಒಂದು ಕಂಪನಿಗೆ ಪರಿಚಯ ಪುಸ್ತಿಕೆ ಮಾಡಿಕೊಟ್ಟಳು. 18ನೇ ತಾರೀಕು ಫೈಲ್ ಒಪ್ಪಿಸಿದಳು. ಮರುದಿನ ಹಣ ಕೇಳಿ ಈ ಮೆಸೇಜು ಕಳಿಸಿದಳು:

“ಸರ್ ನಮಸ್ಕಾರ, ಪುಸ್ತಿಕೆ ಕೆಲಸ ಮುಗಿದಿದೆ. ಇಂಗ್ಲಿಷಿನಿಂದ ಕನ್ನಡಕ್ಕೆ ಸುಮಾರು 6,000 ಪದ, ಪದಕ್ಕೆ 3 ರೂಪಾಯಿ. 24 ಪುಟ ಪೇಜ್ ಸೆಟ್ಟಿಂಗ್, ಪುಟಕ್ಕೆ 450. ಆಮೇಲೆ ನೀವು ಹೇಳಿದ ಬದಲಾವಣೆಗಳಿಗೆ 3,000. ಮಾದರಿ ಪ್ರತಿ ಪ್ರಿಂಟ್ ಮಾಡಿಸಿದ್ದು 2,360. ಎಲ್ಲಾ ಸೇರಿ 34,160. ಜಿಎಸ್‌ಟಿ ಹಾಕಿದರೆ ಒಟ್ಟು ಸುಮಾರು 40,300. ಅಡ್ವಾನ್ಸ್ 10,000 ಬಂದಿದೆ. ಉಳಿದದ್ದು ಬೇಗ ಹಾಕಿಸಿ.”

ಐದು ದಿನ ಉತ್ತರವಿಲ್ಲ. 24ಕ್ಕೆ ಕಂಪನಿಯ ಅಕೌಂಟ್ಸ್ ವಿಭಾಗದಿಂದ ಫೋನ್ ಬಂತು. “ಮೇಡಂ, ಇದು ಬಿಲ್ ಅಲ್ಲ. ಪದ 4,310 ಮಾತ್ರ ಇದೆ, 6,000 ಅಂತ ಹಾಕಿದ್ದೀರಿ. ಬದಲಾವಣೆ ಅಂದ್ರೆ ಏನು? ಸರಿಯಾಗಿ ಬಿಲ್ ಕಳಿಸಿ, ಪಾಸ್ ಮಾಡೋಣ.”

ಅವಳಿಗೆ ಸಿಟ್ಟು ಬಂದಿತ್ತು. “ಹಣ ಕೊಡೋಕೆ ಮನಸ್ಸಿಲ್ಲ ಕಣೇ, ಅದಕ್ಕೇ ಸಬೂಬು” ಎಂದಳು. ಮೆಸೇಜು ನೋಡಿದ ಮೇಲೆ ನನಗೆ ಆ ಮನುಷ್ಯನೇ ಸರಿ ಅನ್ನಿಸಿತು. ಅವನು ಪುಸ್ತಿಕೆ ಮಾಡಿಸಿದವನಲ್ಲ. ಅವನ ಕೈಯಲ್ಲಿರುವುದು ದರ ಒಪ್ಪಿಕೊಂಡ ಒಂದು ಇಮೇಲು ಮತ್ತು ಮುಗಿದ ಫೈಲು, ಅಷ್ಟೇ. ಬಿಲ್ಲಿನ ಪ್ರತಿ ಸಾಲನ್ನೂ ಅವನು ಈ ಎರಡರಲ್ಲಿ ಒಂದಕ್ಕೆ ತಾಳೆ ನೋಡಬೇಕು. ತಾಳೆ ಆಗದ ಸಾಲು ಪಾಸ್ ಆಗುವುದಿಲ್ಲ.

ಆದ್ದರಿಂದ ಆ ಮೆಸೇಜಿನ ಒಂದೊಂದು ತುಂಡಿಗೂ ನಾವು ಒಂದೇ ಪ್ರಶ್ನೆ ಕೇಳುತ್ತಾ ಹೋದೆವು: ಇದನ್ನು ಅವನು ಎಲ್ಲಿ ಎಣಿಸಿ ನೋಡುತ್ತಾನೆ?

ಯಾವ ಪದ, ಯಾರ ಪದ

ಮೊದಲು 6,000 ಪದ. ಮೂಲ ಇಂಗ್ಲಿಷ್ ಫೈಲ್ ತೆರೆದು ಪದ ಎಣಿಸಿದರೆ 5,842 ಬಂತು. ‘ಸುಮಾರು’ ಅನ್ನುವುದಕ್ಕೆ ಅದು ತಪ್ಪೇನಲ್ಲ. ಆದರೆ ಅಕೌಂಟ್ಸ್‌ನವನು ಹೇಳಿದ 4,310 ಎಲ್ಲಿಂದ ಬಂತು? ಅವನು ತೆರೆದದ್ದು ಕನ್ನಡ ಫೈಲನ್ನು. ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಮೂರು ಪದ ಬೇಕಾದ ಕಡೆ ನಮಗೆ ‘ಮನೆಯಲ್ಲಿ’ ಒಂದೇ ಸಾಕು. ಹಾಗಾಗಿ ಅನುವಾದವಾದ ಮೇಲೆ ಪದಗಳ ಎಣಿಕೆ ಇಳಿದೇ ಇಳಿಯುತ್ತದೆ. ಕನ್ನಡದ ಲೆಕ್ಕ ಹಿಡಿದರೆ ಈ ಕೆಲಸಕ್ಕೆ 12,930, ಇಂಗ್ಲಿಷಿನ ಲೆಕ್ಕ ಹಿಡಿದರೆ 17,526. ಒಂದೇ ದರ, ಒಂದೇ ಕೆಲಸ, ನಡುವೆ 4,596 ರೂಪಾಯಿ.

ಅದೃಷ್ಟಕ್ಕೆ ಕೆಲಸ ಒಪ್ಪಿಕೊಂಡ ಇಮೇಲಿನಲ್ಲಿ ‘ಮೂಲ ಪದಕ್ಕೆ 3 ರೂಪಾಯಿ, ಜಿಎಸ್‌ಟಿ ಪ್ರತ್ಯೇಕ’ ಎಂದು ಬರೆದಿದ್ದಳು. ಆ ಒಂದು ‘ಮೂಲ’ ಇಲ್ಲದಿದ್ದರೆ ವಾದ ಮಾಡುವುದು ಕಷ್ಟವಿತ್ತು. ‘ಪ್ರತ್ಯೇಕ’ ಅನ್ನುವುದೂ ಅಷ್ಟೇ ಮುಖ್ಯ. ಅದಿಲ್ಲದಿದ್ದರೆ 3 ರೂಪಾಯಿಯಲ್ಲೇ ತೆರಿಗೆ ಸೇರಿದೆ ಎಂದು ಅವರು ಹೇಳಬಹುದಿತ್ತು. ಆಗ ಅವಳಿಗೆ ನಿಜವಾಗಿ ಸಿಗುವ ದರ 2.54. ಸಾಲನ್ನು ಹೀಗೆ ಬರೆದೆವು: ‘ಇಂಗ್ಲಿಷ್–ಕನ್ನಡ ಅನುವಾದ, ಪರಿಚಯ ಪುಸ್ತಿಕೆ, ಮೂಲ ಇಂಗ್ಲಿಷ್ ಪದಗಳ ಎಣಿಕೆಯಂತೆ’. ಪ್ರಮಾಣ 5,842.

ಇಲ್ಲೊಂದು ತಮಾಷೆಯಿದೆ. ಜಿಎಸ್‌ಟಿ ನಿಯಮ 46 ಇನ್‌ವಾಯ್ಸ್‌ನಲ್ಲಿ ಏನೇನು ಇರಬೇಕು ಎಂದು ಹೇಳುತ್ತದೆ. ಅದರಲ್ಲಿ ಪ್ರಮಾಣವನ್ನು ಕೇಳಿರುವುದು ಸರಕಿಗೆ ಮಾತ್ರ. ಸೇವೆಗೆ ಕೇಳಿಲ್ಲ. ‘ಅನುವಾದ ಮತ್ತು ಪುಟ ವಿನ್ಯಾಸ, 28,326’ ಎಂದು ಒಂದೇ ಸಾಲಿನಲ್ಲಿ ಬರೆದಿದ್ದರೂ ಕಾನೂನಿಗೆ ಸಾಕಾಗುತ್ತಿತ್ತು. ಸಾಲುಸಾಲಾಗಿ ಬಿಡಿಸುವುದು ಸರ್ಕಾರಕ್ಕಾಗಿ ಅಲ್ಲ, ಫೋನ್ ಮಾಡಿದ ಆ ಮನುಷ್ಯನಿಗಾಗಿ.

ಪುಟದ ಸಾಲಿಗೆ ತೊಂದರೆಯಿರಲಿಲ್ಲ. ಪಿಡಿಎಫ್‌ನಲ್ಲಿ 24 ಪುಟ ಇತ್ತು, ಇಮೇಲಿನಲ್ಲಿ 450 ಇತ್ತು. 10,800.

‘ಬದಲಾವಣೆಗಳಿಗೆ 3,000’

ಇದಕ್ಕೆ ಪ್ರಮಾಣವೂ ಇಲ್ಲ, ದರವೂ ಇಲ್ಲ. “ಏನು ಲೆಕ್ಕ ಇದು?” ಅಂದೆ. “ಸುಮ್ನೆ ಅಂದಾಜು, ಆರು ಗಂಟೆ ಆಗಿರ್ಬೇಕು” ಅಂದಳು.

ಇಮೇಲಿನ ಪ್ರಕಾರ ಎರಡು ಸುತ್ತಿನ ತಿದ್ದುಪಡಿ ಉಚಿತ. ಮೂರನೆಯದರಿಂದ ಗಂಟೆಗೆ 500. ಹಾಗಾದರೆ ಮೊದಲು ಗೊತ್ತಾಗಬೇಕಾದದ್ದು ಯಾವ ಬದಲಾವಣೆ ಮೂರನೇ ಸುತ್ತಿನದು ಎಂಬುದು. ಅವಳ ಇನ್‌ಬಾಕ್ಸ್‌ನಲ್ಲಿ ಹುಡುಕಿದಾಗ ನವೆಂಬರ್ 14ರ ಒಂದು ಪತ್ರ ಸಿಕ್ಕಿತು. ಕಂಪನಿಯವರು ಐದು ಪುಟಗಳ ಪಠ್ಯವನ್ನೇ ಬದಲಿಸಿ ಕಳಿಸಿದ್ದರು. ಅದು ಮೂರನೇ ಸುತ್ತು. ಅದರ ಮೇಲೆ ಕೂತ ಸಮಯವನ್ನು ಡೈರಿಯಲ್ಲಿ ಗೀಚಿಟ್ಟಿದ್ದಳು: ಎರಡೂವರೆ ಗಂಟೆ, ಒಂದೂ ಮುಕ್ಕಾಲು, ಒಂದೂ ಕಾಲು. ಕೂಡಿದರೆ ಐದೂವರೆ. ಅಂದರೆ 2,750.

250 ರೂಪಾಯಿ ಹೋಯಿತಲ್ಲ ಎಂದು ಅವಳಿಗೆ ಸ್ವಲ್ಪ ಬೇಜಾರು. ಆದರೆ 3,000 ಎಂಬ ಸಂಖ್ಯೆಯನ್ನು ಇಟ್ಟುಕೊಂಡು ಚೌಕಾಸಿ ಮಾಡಬಹುದು, ‘2,500 ಮಾಡಿಕೊಳ್ಳಿ’ ಅನ್ನಬಹುದು. ‘ಮೂರನೇ ಸುತ್ತಿನ ತಿದ್ದುಪಡಿ, 14 ನವೆಂಬರ್ ಇಮೇಲಿನಂತೆ, 5.5 ಗಂಟೆ, ಗಂಟೆಗೆ 500’ ಎಂಬುದರ ಮೇಲೆ ಚೌಕಾಸಿ ಮಾಡಲು ಜಾಗವೇ ಇಲ್ಲ. ಹಾಗೆ ನೋಡಿದರೆ ಈ ಬಿಲ್ಲಿನಲ್ಲಿ ನನಗೆ ಅತಿ ಇಷ್ಟವಾದ ಸಾಲು ಇದೇ.

ಪ್ರಿಂಟಿನ 2,360

ಸಿಕ್ಕು ಜಾಸ್ತಿ ಇದ್ದದ್ದು ಇಲ್ಲಿ. ಅವಳು ಮಾದರಿ ಪ್ರತಿಗಳನ್ನು ಪ್ರಿಂಟ್ ಮಾಡಿಸಿ 2,360 ಕೊಟ್ಟಿದ್ದಳು. ಅದನ್ನು ಹಾಗೇ ಒಟ್ಟಿಗೆ ಸೇರಿಸಿ, ಆ ಒಟ್ಟಿನ ಮೇಲೆ 18% ಹಾಕಿದ್ದಳು. ಅಂಗಡಿಯ ಬಿಲ್ ತರಿಸಿ ನೋಡಿದೆ: ನಾಲ್ಕು ಪ್ರತಿ, ತಲಾ 500, ಒಟ್ಟು 2,000, ಜಿಎಸ್‌ಟಿ 360. ಅಂದರೆ 2,360ರೊಳಗೆ ಆಗಲೇ ಒಂದು ತೆರಿಗೆ ಕೂತಿದೆ. ಅದರ ಮೇಲೆ ಇನ್ನೊಂದು ತೆರಿಗೆ ಹಾಕಿದರೆ ಕಂಪನಿ ಕೊಡಬೇಕಾದದ್ದು 2,784.80.

ಇಂಥ ಖರ್ಚಿಗೆ ಎರಡು ದಾರಿಯಿದೆ. ಯಾವುದು ಎಂಬುದನ್ನು ತೀರ್ಮಾನಿಸುವುದು ಅಂಗಡಿಯ ಬಿಲ್ ಯಾರ ಹೆಸರಿನಲ್ಲಿದೆ ಎಂಬುದು.

ಬಿಲ್ ಅವಳ ಹೆಸರಿನಲ್ಲಿದ್ದು, ಅವಳ ಜಿಎಸ್‌ಟಿ ನಂಬರ್ ಅದರಲ್ಲಿದ್ದರೆ, ಆ 360 ಅವಳಿಗೆ ಇನ್‌ಪುಟ್ ಕ್ರೆಡಿಟ್ ಆಗಿ ಸಿಗುತ್ತದೆ. ಅಂದರೆ ಅವಳು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಅಷ್ಟು ಕಳೆಯಬಹುದು. ಆಗ ಅವಳ ನಿಜವಾದ ಖರ್ಚು 2,000 ಮಾತ್ರ. ಬಿಲ್ಲಿನಲ್ಲಿ 2,000ದ ಸಾಲು ಬರೆದು, ಉಳಿದ ಕೆಲಸದ ಜೊತೆಗೆ ಅದಕ್ಕೂ 18% ಹಾಕಬೇಕು. ಕಂಪನಿಗೆ ಬೀಳುವುದು 2,360.

ಇನ್ನೊಂದು ದಾರಿಯಲ್ಲಿ ಅಂಗಡಿಯ ಬಿಲ್ ಕಂಪನಿಯ ಹೆಸರಿನಲ್ಲೇ ಇರುತ್ತದೆ. ಅವರು ಹೇಳಿದ್ದಕ್ಕೆ ಇವಳು ಹಣ ಕೊಟ್ಟಿರುತ್ತಾಳೆ ಅಷ್ಟೇ. ಲೆಕ್ಕದವರು ಇದನ್ನು ‘ಪ್ಯೂರ್ ಏಜೆಂಟ್’ ಅನ್ನುತ್ತಾರೆ. ಆಗ 2,360ನ್ನು ತೆರಿಗೆಯ ಲೆಕ್ಕವೆಲ್ಲ ಮುಗಿದ ಮೇಲೆ, ಕೆಳಗೆ ಬೇರೆ ಸಾಲಾಗಿ, ಒಂದು ಪೈಸೆಯೂ ಸೇರಿಸದೆ ತೋರಿಸಬೇಕು. ಅದರ ಮೇಲೆ ತೆರಿಗೆ ಇಲ್ಲ. ಆದರೆ ಕಂಪನಿ ಹಾಗೆ ಮಾಡಲು ಒಪ್ಪಿರಬೇಕು. ಸುಮ್ಮನೆ ‘ಖರ್ಚು ವಾಪಸ್’ ಎಂದು ಬರೆದ ಮಾತ್ರಕ್ಕೆ ತೆರಿಗೆಯಿಂದ ಹೊರಗಾಗುವುದಿಲ್ಲ. ಈ ತಪ್ಪನ್ನು ಬಸ್ ಚಾರ್ಜು, ಕೊರಿಯರ್ ವಿಷಯದಲ್ಲಿ ಬಹಳ ಜನ ಮಾಡುತ್ತಾರೆ. ತನ್ನ ಕೆಲಸಕ್ಕಾಗಿ ತಾನು ಮಾಡಿದ ಖರ್ಚನ್ನು ಗ್ರಾಹಕರಿಂದ ವಸೂಲು ಮಾಡಿದರೆ ಅದು ಕೆಲಸದ ಬೆಲೆಯ ಭಾಗವೇ, ತೆರಿಗೆ ಬೀಳುತ್ತದೆ.

ಅವಳ ಬಿಲ್ ಅವಳ ಹೆಸರಿನಲ್ಲಿತ್ತು, ನಂಬರೂ ಇತ್ತು. ಹಾಗಾಗಿ ಮೊದಲ ದಾರಿ. ಅಂಗಡಿಯವನು ನಂಬರಿಲ್ಲದ ಚೀಟಿ ಕೊಟ್ಟಿದ್ದರೆ ಆ 360 ವಾಪಸ್ ಬರುತ್ತಿರಲಿಲ್ಲ. ಆಗ ಪೂರ್ತಿ 2,360ನ್ನು ಸಾಲಿಗೆ ಹಾಕಿ ಅದರ ಮೇಲೆ ತೆರಿಗೆ ಕೇಳುವುದು ಬಿಟ್ಟು ಬೇರೆ ದಾರಿಯಿಲ್ಲ.

ತೆರಿಗೆ, ಆಮೇಲೆ ಅಡ್ವಾನ್ಸ್

ಕಂಪನಿಯ ಜಿಎಸ್‌ಟಿ ನಂಬರ್ ಕೇಳಿ ತರಿಸಿಕೊಂಡೆವು. 29ರಿಂದ ಶುರುವಾಗಿತ್ತು, ಅಂದರೆ ಕರ್ನಾಟಕ. ಹಾಗಾಗಿ ಕೇಂದ್ರದ ಪಾಲು ಸಿಜಿಎಸ್‌ಟಿ 9%, ರಾಜ್ಯದ ಪಾಲು ಎಸ್‌ಜಿಎಸ್‌ಟಿ 9% ಎಂದು ಎರಡು ಸಾಲು. ಕಚೇರಿ ಬೆಂಗಳೂರಿನಲ್ಲಿದೆ ಎಂದು ಊಹಿಸಿ ಬರೆಯಬಾರದು. ಕೆಲವು ಕಂಪನಿಗಳು ಬಿಲ್ ಕೇಳುವುದು ಮುಂಬೈ ಕಚೇರಿಯ ಹೆಸರಿಗೆ. ಆ ನಂಬರ್ ಮಹಾರಾಷ್ಟ್ರದ 27ರಿಂದ ಶುರುವಾಗಿದ್ದರೆ ಬೇರೆ ರಾಜ್ಯದ ಬಿಲ್ಲಿಗೆ ಹಾಕುವ ಐಜಿಎಸ್‌ಟಿ 18% ಎಂದು ಒಂದೇ ಸಾಲು ಬರಬೇಕು. ಮೊತ್ತ ಒಂದೇ, ಆದರೆ ತಪ್ಪು ಸಾಲಿನಲ್ಲಿ ಕಟ್ಟಿದ ತೆರಿಗೆಯನ್ನು ಸರಿಮಾಡಿಸಿಕೊಳ್ಳುವುದು ದೊಡ್ಡ ತಲೆನೋವು.

ಎಕ್ಸೆಲ್ ಹಾಳೆಯನ್ನು ಮೊದಲು ಅವಳೇ ಮಾಡಿದಳು. ಎರಡು ಕಡೆ ಎಡವಿದಳು. ಒಂದು, ಪ್ರಮಾಣದ ಕೋಶದಲ್ಲಿ ‘5842 ಪದ’ ಎಂದು ಟೈಪ್ ಮಾಡಿದ್ದಳು. ಅದು ಸಂಖ್ಯೆ ಅಲ್ಲ, ಬರಹ. ಗುಣಿಸಲು ಹೋದಾಗ `#VALUE!` ಎಂದಿತು. ಅಳತೆಗೆ ಬೇರೆ ಕಾಲಂ ಮಾಡಿದ ಮೇಲೆ ಸರಿಹೋಯಿತು.

ಎರಡನೆಯದನ್ನು ಯಂತ್ರ ಹೇಳಿಕೊಡಲಿಲ್ಲ. ಅವಳು ನಾಲ್ಕು ಸಾಲು ಕೂಡಿ 33,076 ತಂದಳು. ಅದರಲ್ಲಿ ಅಡ್ವಾನ್ಸ್ 10,000 ಕಳೆದಳು. ಉಳಿದ 23,076ಕ್ಕೆ 18% ಹಾಕಿದಳು. ಕೊನೆಗೆ 27,229.68 ಬಂತು. ನೋಡಲು ಚೆನ್ನಾಗಿಯೇ ಇದೆ, ಅಲ್ವಾ? ಆದರೆ ತೆರಿಗೆ ಇರುವುದು ಕೆಲಸದ ಪೂರ್ತಿ ಬೆಲೆಯ ಮೇಲೆ, ಬಾಕಿಯ ಮೇಲಲ್ಲ. ಅಡ್ವಾನ್ಸ್ ಎಂದರೆ ರಿಯಾಯಿತಿಯಲ್ಲ, ಮೊದಲೇ ಬಂದ ಹಣ. ಹೀಗೆ ಕಳಿಸಿದ್ದರೆ 10,000ದ ಮೇಲಿನ 1,800 ತೆರಿಗೆ ಯಾರಿಂದಲೂ ವಸೂಲಾಗದೆ ಅವಳ ಕೈಯಿಂದಲೇ ಹೋಗುತ್ತಿತ್ತು. ಬೆಲೆಯಲ್ಲೇ ಕಡಿಮೆ ಮಾಡಿಕೊಟ್ಟ ರಿಯಾಯಿತಿ ಇದ್ದರೆ ಅದನ್ನು ಬಿಲ್ಲಿನಲ್ಲೇ ತೋರಿಸಿ ತೆರಿಗೆಗೆ ಮೊದಲೇ ಕಳೆಯಬೇಕು. ಅಡ್ವಾನ್ಸನ್ನು ಕಳೆಯುವುದು ಎಲ್ಲದರ ಕೊನೆಗೆ.

ತಿದ್ದಿದ ಮೇಲೆ ಹಾಳೆ ಹೀಗಾಯಿತು. ಒಟ್ಟುಗೂಡಿಸುವ ಸಾಲುಗಳು:

```
E2:  =ROUND(C2*D2,2)
E6:  =SUM(E2:E5)
E7:  =ROUND(E6*9%,2)
E8:  =ROUND(E6*9%,2)
E9:  =ROUND(E6+E7+E8,0)
E10: 10000
E11: =E9-E10
```

`E2`ದಲ್ಲಿರುವುದನ್ನೇ `E5`ರವರೆಗೆ ಎಳೆದರೆ ನಾಲ್ಕೂ ಸಾಲು ಮುಗಿಯಿತು. ಬಿಲ್ಲಿನ ಮೇಲೆ ಕಂಡದ್ದು ಇದು:

| ವಿವರ | ಅಳತೆ | ಪ್ರಮಾಣ | ದರ | ಮೊತ್ತ |
|---|---|---|---|---|
| ಇಂಗ್ಲಿಷ್–ಕನ್ನಡ ಅನುವಾದ, ಮೂಲ ಪದಗಳ ಎಣಿಕೆಯಂತೆ | ಪದ | 5,842 | 3.00 | 17,526.00 |
| ಪುಸ್ತಿಕೆಯ ಪೇಜ್ ಸೆಟ್ಟಿಂಗ್ | ಪುಟ | 24 | 450.00 | 10,800.00 |
| ಮೂರನೇ ಸುತ್ತಿನ ತಿದ್ದುಪಡಿ, 14 ನವೆಂಬರ್ ಇಮೇಲಿನಂತೆ | ಗಂಟೆ | 5.5 | 500.00 | 2,750.00 |
| ಮಾದರಿ ಪ್ರತಿ ಮುದ್ರಣ | ಪ್ರತಿ | 4 | 500.00 | 2,000.00 |
| ತೆರಿಗೆಗೆ ಮೊದಲಿನ ಬೆಲೆ | | | | 33,076.00 |
| ಸಿಜಿಎಸ್‌ಟಿ 9% | | | | 2,976.84 |
| ಎಸ್‌ಜಿಎಸ್‌ಟಿ 9% | | | | 2,976.84 |
| ಒಟ್ಟು, 32 ಪೈಸೆ ಸೇರಿಸಿ ಪೂರ್ಣ ರೂಪಾಯಿಗೆ | | | | 39,030.00 |
| ಕಳೆ: ಅಡ್ವಾನ್ಸ್, 3 ನವೆಂಬರ್ 2025 | | | | 10,000.00 |
| ಕೊಡಬೇಕಾದ ಬಾಕಿ | | | | 29,030.00 |

ನಾಲ್ಕೂ ಸಾಲಿಗೆ, ಅದು ಯಾವ ಬಗೆಯ ಸೇವೆ ಎಂದು ಹೇಳುವ ಎಸ್‌ಎಸಿ ಕೋಡ್ 9983 ಹಾಕಿದೆವು. ವರ್ಷದ ವಹಿವಾಟು 5 ಕೋಟಿಯೊಳಗಿದ್ದರೆ ನಾಲ್ಕು ಅಂಕಿ ಸಾಕು. ಬಿಲ್ ನಂಬರ್ `25-26/031`. ಮೊದಲು ಅವಳು ಒಬ್ಬೊಬ್ಬ ಗ್ರಾಹಕರಿಗೂ ಒಂದರಿಂದ ಶುರು ಮಾಡುತ್ತಿದ್ದಳು, ಹಾಗಾಗಿ ಒಂದೇ ವರ್ಷದಲ್ಲಿ ಮೂರು ‘ಬಿಲ್ 1’ ಇದ್ದವು. ನಂಬರ್ 16 ಅಕ್ಷರದೊಳಗಿರಬೇಕು, ಆರ್ಥಿಕ ವರ್ಷದಲ್ಲಿ ಮತ್ತೆ ಬರಬಾರದು, ಸರಣಿ ತಪ್ಪಬಾರದು.

ಅಡ್ವಾನ್ಸ್ ಬಗ್ಗೆ ಇನ್ನೊಂದು ಮಾತು. ಸೇವೆಗೆ ಅಡ್ವಾನ್ಸ್ ಬಂದ ದಿನವೇ ಅದರ ಮೇಲಿನ ಜಿಎಸ್‌ಟಿ ಹೊಣೆ ಹುಟ್ಟುತ್ತದೆ, ಒಂದು ರಸೀದಿ ವೋಚರೂ ಕೊಡಬೇಕು. ಅವಳು ಕೊಟ್ಟಿರಲಿಲ್ಲ. ಅಡ್ವಾನ್ಸು ಮತ್ತು ಬಿಲ್ಲು ಎರಡೂ ನವೆಂಬರಿನಲ್ಲೇ ಬಂದದ್ದರಿಂದ ತೆರಿಗೆ ಲೆಕ್ಕ ಏರುಪೇರಾಗಲಿಲ್ಲ, ಬಚಾವಾದಳು.

ಜಿಎಸ್‌ಟಿ ನೋಂದಣಿಯೇ ಇಲ್ಲದವರಾಗಿದ್ದರೆ ಈ ಹಾಳೆಯಲ್ಲಿ ತೆರಿಗೆಯ ಎರಡು ಸಾಲೂ ಬರುವಂತಿಲ್ಲ. ನಮ್ಮ ರಾಜ್ಯದಲ್ಲಿ ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ನೋಂದಣಿ ಇಲ್ಲದೆ ತೆರಿಗೆ ವಸೂಲು ಮಾಡುವುದು ಮಾತ್ರ ತಪ್ಪು. ಅಂಥವರ ಪ್ರಿಂಟ್ ಸಾಲು 2,360 ಆಗುತ್ತದೆ, ಯಾಕೆಂದರೆ ಅವರಿಗೆ 360 ವಾಪಸ್ ಬರುವುದಿಲ್ಲ.

‘ಬೇಗ ಹಾಕಿಸಿ’

ಬೇಗ ಅಂದರೆ ಯಾವಾಗ? ಅಕೌಂಟ್ಸ್‌ನವರ ಸಾಫ್ಟ್‌ವೇರಿನಲ್ಲಿ ‘ಬೇಗ’ ಎಂಬ ಕೋಶವಿಲ್ಲ, ದಿನಾಂಕದ ಕೋಶವಿದೆ. ಅದು ಖಾಲಿಯಿದ್ದರೆ ಕಂಪನಿ ತನ್ನ ರೂಢಿಯ ದಿನ ತುಂಬಿಕೊಳ್ಳುತ್ತದೆ, 30 ಅಥವಾ 60. ಅದಕ್ಕೇ ‘15 ದಿನದೊಳಗೆ’ ಎಂದಷ್ಟೇ ಬರೆದು ಬಿಡಲಿಲ್ಲ. ಬಿಲ್ ದಿನಾಂಕ 26 ನವೆಂಬರ್ 2025, ಪಾವತಿ 11 ಡಿಸೆಂಬರ್ 2025ರೊಳಗೆ ಎಂದು ಎರಡೂ ದಿನಾಂಕ ಹಾಕಿದೆವು.

ಹದಿನೈದೇ ಏಕೆ? ಇಮೇಲಿನಲ್ಲಿ ಪಾವತಿಯ ಮಾತೇ ಇರಲಿಲ್ಲ. ಅವಳಿಗೆ ಮೊದಲಿನಿಂದ ಉದ್ಯಮ್ ನೋಂದಣಿ ಇದೆ, ಅಂದರೆ ಸರ್ಕಾರದ ಸಣ್ಣ ಉದ್ಯಮಗಳ ಪಟ್ಟಿಯಲ್ಲಿ ಹೆಸರಿದೆ. 2006ರ ಸಣ್ಣ ಉದ್ಯಮಗಳ ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದ ಇಲ್ಲದಿದ್ದರೆ ಕೆಲಸ ಒಪ್ಪಿಸಿಕೊಂಡ ದಿನದಿಂದ 15 ದಿನದಲ್ಲಿ ಹಣ ಬರಬೇಕು. ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ಕಾನೂನು ಎಣಿಸುವುದು ಕೆಲಸ ಒಪ್ಪಿಸಿದ 18ರಿಂದ, ನಾವು ಬರೆದದ್ದು ಬಿಲ್ ದಿನಾಂಕದಿಂದ. ಎಂಟು ದಿನ ನಾವೇ ಬಿಟ್ಟುಕೊಟ್ಟ ಹಾಗಾಯಿತು. ಬಿಲ್ ಕೊಡಲು ತಡ ಮಾಡಿದ್ದು ನಾವೇ ಆದ್ದರಿಂದ ಅದು ನ್ಯಾಯವೆನ್ನಿಸಿತು.

‘ತಡವಾದರೆ ತಿಂಗಳಿಗೆ 2% ಬಡ್ಡಿ’ ಎಂದು ಸೇರಿಸೋಣ ಎಂದಳು. ನಾನು ಬೇಡವೆಂದೆ. ಮುಂಚೆ ಮಾತಾಡದ ಷರತ್ತನ್ನು ಬಿಲ್ಲಿನ ಅಡಿಯಲ್ಲಿ ನಾವೇ ಬರೆದುಕೊಂಡರೆ ಅದಕ್ಕೆ ಬೆಲೆ ಕಡಿಮೆ, ಓದಿದವರ ಮುಖ ಬೇರೆ ಕೆಡುತ್ತದೆ. ಬದಲಿಗೆ ಉದ್ಯಮ್ ನಂಬರನ್ನು ಎದ್ದು ಕಾಣುವ ಹಾಗೆ ಹಾಕಿದೆವು. ಅತಿ ಸಣ್ಣ, ಸಣ್ಣ ಉದ್ಯಮಕ್ಕೆ ಆ ಕಾಯ್ದೆಯ ಗಡುವಿನೊಳಗೆ ಕೊಡದ ಹಣವನ್ನು ಕಂಪನಿ ಕೊಡುವವರೆಗೆ ತನ್ನ ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸುವ ಹಾಗಿಲ್ಲ. ಲೆಕ್ಕದವರಿಗೆ ಇದು ಚೆನ್ನಾಗಿ ಗೊತ್ತು. ಆ ನಂಬರು ಕಂಡರೆ ಬಿಲ್ಲು ಬೇಗ ಪಾಸ್ ಮಾಡಬೇಕಾದವುಗಳ ಕಟ್ಟಿಗೆ ಹೋಗುತ್ತದೆ.

ಅದರ ಕೆಳಗೆ ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ, ಸಹಿ. ಮೆಸೇಜಿನಲ್ಲಿದ್ದ ನಮಸ್ಕಾರವನ್ನು ಇಮೇಲಿಗೆ ಸಾಗಿಸಿದೆವು.

ಬಂದ ಹಣ

ಬಿಲ್ ಹೋದ ಮರುದಿನ ಅಕೌಂಟ್ಸ್‌ನಿಂದ ಒಂದೇ ಪ್ರಶ್ನೆ ಬಂತು, 14ನೇ ತಾರೀಕಿನ ಇಮೇಲನ್ನು ಕಳಿಸಿಕೊಡಿ ಎಂದು. ಕಳಿಸಿದಳು. ಡಿಸೆಂಬರ್ 10ಕ್ಕೆ ಖಾತೆಗೆ 25,722 ಜಮೆಯಾಯಿತು.

“ಮೂರು ಸಾವಿರ ಹಿಡ್ಕೊಂಡಿದ್ದಾರೆ ಕಣೇ!” ಎಂದು ಮತ್ತೆ ಫೋನು. ಹಿಡಿದದ್ದು 3,308, ಟಿಡಿಎಸ್. ಅಂದರೆ ಹಣ ಕೊಡುವವರೇ ಮೊದಲೇ ಕಡಿದು ಅವಳ ಹೆಸರಿನಲ್ಲಿ ಕಟ್ಟುವ ಆದಾಯ ತೆರಿಗೆ. ಅದೇ ವರ್ಷ ಅದೇ ಕಂಪನಿಗೆ ಇನ್ನೊಂದು ದೊಡ್ಡ ಕೆಲಸ ಮಾಡಿದ್ದಳು, ಆಗಿನಿಂದಲೇ ಅವರು 10% ಕಡಿಯುತ್ತಿದ್ದರು. 33,076ರ 10% ಅಂದರೆ 3,307.60. ಇಲ್ಲಿ ಗಮನಿಸಬೇಕಾದದ್ದು ಅವರು 39,030ರ ಮೇಲೆ ಕಡಿದಿಲ್ಲ ಎಂಬುದು. ಜಿಎಸ್‌ಟಿಯನ್ನು ಬಿಲ್ಲಿನಲ್ಲಿ ಬೇರೆಯಾಗಿ ತೋರಿಸಿದ್ದರೆ ಟಿಡಿಎಸ್ ಅದನ್ನು ಬಿಟ್ಟ ಮೊತ್ತದ ಮೇಲೆ ಮಾತ್ರ ಎಂದು ನೇರ ತೆರಿಗೆ ಮಂಡಳಿ 2017ರ ಸುತ್ತೋಲೆಯಲ್ಲೇ ಹೇಳಿದೆ. ‘ಎಲ್ಲಾ ಸೇರಿ’ ಎಂಬ ಹಳೇ ಮೆಸೇಜಿನ ಹಾಗೆ ಒಂದೇ ಮೊತ್ತ ಬರೆದಿದ್ದರೆ 3,903 ಹೋಗಬಹುದಿತ್ತು. ಟಿಡಿಎಸ್ಸನ್ನು ನಾವು ಬಿಲ್ಲಿನಲ್ಲಿ ಕಳೆದು ತೋರಿಸಿರಲಿಲ್ಲ, ತೋರಿಸಲೂಬಾರದು. ಅದು ಕೊಡುವವರ ಕಡೆಯ ಲೆಕ್ಕ. ನಮ್ಮ ಪುಸ್ತಕದಲ್ಲಿ ಬಂದದ್ದು 25,722, ತೆರಿಗೆಯಾಗಿ ಜಮೆಯಾಗಬೇಕಾದದ್ದು 3,308, ಎರಡೂ ಸೇರಿ 29,030. ಬಿಲ್ಲಿನ ಬಾಕಿ ಅಲ್ಲಿಗೆ ಸೊನ್ನೆ.

ಫೆಬ್ರವರಿಯಲ್ಲಿ ಅವಳ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿ 26ಎಎಸ್ ತೆರೆದು ನೋಡಿದಾಗ 3,308 ಬಂದು ಕೂತಿತ್ತು. ಪ್ರಿಂಟ್ ಅಂಗಡಿಯ 360 ಮಾತ್ರ, ಅವಳಿಗೆ ಸಿಗುವ ಇನ್‌ಪುಟ್ ಕ್ರೆಡಿಟ್ ತೋರಿಸುವ ಜಿಎಸ್‌ಟಿಆರ್-2ಬಿಯಲ್ಲಿ ಆಗಲೂ ಕಾಣಿಸಲಿಲ್ಲ. ಅಂಗಡಿಯವರು ರಿಟರ್ನ್‌ನಲ್ಲಿ ಆ ಬಿಲ್ ಹಾಕುವವರೆಗೆ ಅದು ಇವಳಿಗೆ ಸಿಗುವುದಿಲ್ಲ. “ಮುಂದಿನ ವಾರ ಹಾಕ್ತೀವಿ ಮೇಡಂ” ಅಂದಿದ್ದಾರಂತೆ.